ಶೇಡ್ ಕಾರ್ಡ್ ಮುಂದೆ ಗಂಡ-ಹೆಂಡತಿ ಜಗಳವೇ? ಮೊದಲ ಮನೆಗೆ ಬಣ್ಣ ಆರಿಸುವ ಕ್ರಮ

ಹೊಸ ಮನೆ ಮಾಡುವವರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ. "ಶೇಡ್ ಕಾರ್ಡಿನಲ್ಲಿ ನಾನು ತೋರಿಸಿದ್ದು ಇವರಿಗೆ ಆಗಲ್ಲ, ಇವರು ತೋರಿಸಿದ್ದು ನನಗೆ ಆಗಲ್ಲ, ಏನ್ ಮಾಡೋದು?" ಕೆಲವರು ಸಾಕಾಗಿ ಪೇಂಟರ್‌ಗೇ ಬಿಟ್ಟುಬಿಡುತ್ತಾರೆ. ಆತ ಹಿಂದಿನ ಮನೆಯಲ್ಲಿ ಹಚ್ಚಿದ ಬಣ್ಣವನ್ನೇ ಇಲ್ಲೂ ಹಚ್ಚಿ ಹೋಗುತ್ತಾನೆ. ಇನ್ನು ಕೆಲವರು "ಹಾಲ್ ನಿನ್ನದು, ಬೆಡ್‌ರೂಮ್ ನನ್ನದು" ಅಂತ ಪಾಲು ಮಾಡಿಕೊಳ್ಳುತ್ತಾರೆ. ಅದರಿಂದ ಜಗಳ ನಿಲ್ಲುತ್ತದೆ, ಮನೆ ಮಾತ್ರ ಎರಡು ಮನೆ ಸೇರಿಸಿದ ಹಾಗೆ ಕಾಣುತ್ತದೆ.

ನಾನು ನೋಡಿದ ಮಟ್ಟಿಗೆ ಈ ಜಗಳಗಳಲ್ಲಿ ಅಭಿರುಚಿಯ ಪಾಲು ಕಡಿಮೆ. ಇಬ್ಬರೂ ಕಾರ್ಡಿನ ಒಂದೇ ಬಣ್ಣದ ತುಣುಕನ್ನು ಬೇರೆ ಬೇರೆ ಬೆಳಕಿನಲ್ಲಿ ನೋಡಿರುತ್ತಾರೆ, ಹಾಗಾಗಿ ಇಬ್ಬರ ಕಣ್ಣಿಗೂ ಬಿದ್ದದ್ದು ನಿಜವಾಗಿಯೂ ಬೇರೆ ಬಣ್ಣ. ಅದನ್ನು ಸರಿ ಮಾಡಿಕೊಂಡರೆ ಉಳಿಯುವ ಭಿನ್ನಾಭಿಪ್ರಾಯ ಸಣ್ಣದು.

ಮೈಸೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್ ತಗೊಂಡ ಪರಿಚಯದ ಜೋಡಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳುತ್ತೇನೆ. ಹಾಲ್ 16 ಅಡಿಗೆ 11 ಅಡಿ, ಪೂರ್ವಕ್ಕೆ ಬಾಲ್ಕನಿ. ನೆಲಕ್ಕೆ ಬಿಲ್ಡರ್ ಹಾಕಿಕೊಟ್ಟ ಐವರಿ ಬಣ್ಣದ ವಿಟ್ರಿಫೈಡ್ ಟೈಲ್ಸ್. ಅವಳಿಗೆ ಬೂದು ಬೆರೆತ ತಿಳಿಹಸಿರು ಬೇಕು, ಅವನಿಗೆ ಕೆನೆ ಬಣ್ಣ.

"ರೀ, ಕೆನೆ ಬಣ್ಣ ನಮ್ಮ ಅಜ್ಜಿ ಮನೆಯಲ್ಲೂ ಇತ್ತು, ಬ್ಯಾಂಕಿನಲ್ಲೂ ಇದೆ. ಇಲ್ಲೂ ಬೇಕಾ?"

"ನಿನ್ನ ಹಸಿರು ಹಸಿರೇ ಅಲ್ಲ ಕಣೇ, ಸಿಮೆಂಟು. ಮನೆ ಇನ್ನೂ ಮುಗಿದಿಲ್ಲ ಅಂದ್ಕೋತಾರೆ ಬಂದವರು."

ಇಬ್ಬರ ಮಾತೂ ಸರಿ ಅನ್ನೋದು ಆಮೇಲೆ ಗೊತ್ತಾಗುತ್ತದೆ.

ಮೊದಲು ಕೈಯಲ್ಲಿ ಇರಬೇಕಾದದ್ದು

ಪೇಂಟ್ ಅಂಗಡಿಯಿಂದ ಶೇಡ್ ಕಾರ್ಡ್. ಬೀಸಣಿಗೆ ಹಾಗೆ ಬಿಚ್ಚಿಕೊಳ್ಳುವ ದೊಡ್ಡ ಪುಸ್ತಕ ಸಿಕ್ಕಿದರೆ ಇನ್ನೂ ಒಳ್ಳೆಯದು. ಅದನ್ನು ಫ್ಯಾನ್ ಡೆಕ್ ಅನ್ನುತ್ತಾರೆ, ಎರಡು ದಿನಕ್ಕೆ ಕೊಡಿ ಅಂತ ಕೇಳಿದರೆ ಅನೇಕರು ಕೊಡುತ್ತಾರೆ. ಒಂದಿಷ್ಟು ಅಚ್ಚ ಬಿಳಿ ಎ4 ಹಾಳೆ. ಎರಡಡಿ ಉದ್ದ, ಎರಡಡಿ ಅಗಲದ ದಪ್ಪ ರಟ್ಟು ನಾಲ್ಕೈದು. ಸಣ್ಣ ರೋಲರ್. ಉಳಿದ ಟೈಲ್ಸ್‌ನ ಒಂದು ಚೂರು. ಮತ್ತೆ, ಎಲ್ಲರೂ ಮರೆಯುವುದು ಇದನ್ನೇ: ಆ ಕೋಣೆಗೆ ಮುಂದೆ ಹಾಕಲಿರುವ ಬಲ್ಬು ಅಥವಾ ಟ್ಯೂಬ್‌ಲೈಟು.

ಗೋಡೆ ಹೊಸದಾಗಿದ್ದರೆ ಇನ್ನೊಂದು ಮಾತು. ಪ್ಲಾಸ್ಟರಿಂಗ್ ಆಗಿ ಕನಿಷ್ಠ 28 ದಿನವಾದರೂ ಕಳೆದು, ಗೋಡೆ ಪೂರ್ತಿ ಒಣಗಿರಬೇಕು. ಹಸಿ ಗೋಡೆಗೆ ಬಣ್ಣ ಹೊಡೆದರೆ ಒಳಗಿನ ನೀರು ಹೊರಬರುವಾಗ ಉಪ್ಪನ್ನೂ ತರುತ್ತದೆ, ಬಿಳಿ ಬಿಳಿ ಪುಡಿ ಏಳುತ್ತದೆ, ಬಣ್ಣ ಅಲ್ಲಲ್ಲಿ ಮಾಸುತ್ತದೆ. ಆಗ "ಶೇಡ್ ಸರಿ ಇರಲಿಲ್ಲ" ಅಂತ ಮತ್ತೆ ಜಗಳ. ಬಣ್ಣ ಆರಿಸುವ ಕೆಲಸವನ್ನು ಈ ಕಾಯುವ ದಿನಗಳಲ್ಲೇ ಮುಗಿಸಿಕೊಳ್ಳಬಹುದು.

1. ಬದಲಾಗದ ವಸ್ತುಗಳಿಂದ ಶುರು ಮಾಡಿ

ಗೋಡೆಯ ಬಣ್ಣ ಮನೆಯಲ್ಲಿ ಎಲ್ಲಕ್ಕಿಂತ ಸುಲಭವಾಗಿ ಬದಲಾಯಿಸಬಹುದಾದ ವಸ್ತು. ನೆಲ, ಬಾಗಿಲು, ಅಡುಗೆಮನೆ ಕಟ್ಟೆಯ ಕಲ್ಲು, ಈಗಾಗಲೇ ದುಡ್ಡು ಕೊಟ್ಟ ಸೋಫಾ, ಇವು ಬದಲಾಗುವುದಿಲ್ಲ. ಆದ್ದರಿಂದ ಗೋಡೆ ಇವಕ್ಕೆ ಹೊಂದಿಕೊಳ್ಳಬೇಕು. ನೆಲವಂತೂ ಬಹಳ ಮುಖ್ಯ, ಯಾಕಂದ್ರೆ ಹೊಳಪಿನ ಟೈಲ್ಸ್ ಮೇಲೆ ಬಿದ್ದ ಬೆಳಕು ತನ್ನ ಬಣ್ಣವನ್ನೂ ಹೊತ್ತು ಗೋಡೆಗೆ ಬಡಿಯುತ್ತದೆ. ಐವರಿ ಟೈಲ್ಸ್ ಇರುವ ಕಡೆ ಕೆನೆ ಬಣ್ಣ ಹಚ್ಚಿದರೆ ಗೋಡೆ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಜಾಸ್ತಿ ಹಳದಿಯಾಗುತ್ತದೆ. ಅದೇ ಟೈಲ್ಸ್ ಪಕ್ಕ ನೀಲಿ ಕಡೆಗಿನ ಬೂದು ಬಣ್ಣ ಇಟ್ಟರೆ ಅದರ ನೀಲಿ ಎದ್ದು ಹೊಡೆಯುತ್ತದೆ. ಕೆಂಪು ರೆಡ್ ಆಕ್ಸೈಡ್ ನೆಲ ಇರುವ ಹಳೇ ಮನೆಗಳಲ್ಲಿ ಗೋಡೆಯ ಕೆಳಭಾಗಕ್ಕೆ ಕೆಂಪು ಛಾಯೆ ಬರುತ್ತದಲ್ಲ, ಅದೂ ಇದೇ ಕಾರಣಕ್ಕೆ.

ಟೈಲ್ಸ್ ಚೂರನ್ನು ನೆಲದ ಹಾಗೆ ಮಲಗಿಸಿ, ಬಣ್ಣದ ತುಣುಕನ್ನು ಗೋಡೆಯ ಹಾಗೆ ನಿಲ್ಲಿಸಿ ನೋಡಿ. ಟೇಬಲ್ ಮೇಲೆ ಎರಡನ್ನೂ ಮಲಗಿಸಿ ನೋಡಬೇಡಿ. ಮಲಗಿದ ಕಾರ್ಡಿಗೆ ಮೇಲಿನ ಬೆಳಕು ನೇರವಾಗಿ ಬೀಳುವುದರಿಂದ ಅದು ಗೋಡೆಗಿಂತ ತಿಳಿಯಾಗಿ ಕಾಣುತ್ತದೆ.

2. ಇಬ್ಬರೂ ಬೇರೆ ಬೇರೆ ಕೂತು ಮೊದಲು ಬೇಡದ್ದನ್ನು ಹೊಡೆದು ಹಾಕಿ

"ಯಾವುದು ಇಷ್ಟ?" ಅಂತ ಕೇಳಿದರೆ ಜಗಳ ಗ್ಯಾರಂಟಿ. "ಯಾವುದು ಖಂಡಿತ ಬೇಡ?" ಅಂತ ಕೇಳಿಕೊಳ್ಳಿ. ಒಬ್ಬರು ನೋಡುವಾಗ ಇನ್ನೊಬ್ಬರು ಪಕ್ಕದಲ್ಲಿ ಇರಬಾರದು. ಬೇಡದ ಬಣ್ಣಗಳ ಕೋಡ್‌ಗಳನ್ನು ಬರೆದುಕೊಂಡು ಆಮೇಲೆ ಎರಡೂ ಪಟ್ಟಿ ಸೇರಿಸಿ. ಇಬ್ಬರೂ ಬೇಡ ಅನ್ನದೆ ಉಳಿದ ಬಣ್ಣಗಳೇ ನಿಮ್ಮ ಕಣ. ನಮ್ಮ ಜೋಡಿಯ ವಿಷಯದಲ್ಲಿ ಗುಲಾಬಿ, ನೇರಳೆ, ಗಾಢ ನೀಲಿ ಇಬ್ಬರ ಪಟ್ಟಿಯಲ್ಲೂ ಹೋದವು. ಉಳಿದದ್ದು ಬೂದುಹಸಿರು, ಕೆನೆ, ಮತ್ತೆ ಇವೆರಡರ ನಡುವಿನ ಬಿಳಿಗಳು.

ಇಲ್ಲಿ ಒಂದು ತಪ್ಪು ಸಾಮಾನ್ಯ. ಇಬ್ಬರೂ ಫೋನಿನಲ್ಲಿ ಫೋಟೋ ಕಳಿಸಿಕೊಂಡು ಆರಿಸುತ್ತಾರೆ. ಒಂದೇ ಚಿತ್ರ ಎರಡು ಫೋನಿನಲ್ಲಿ ಎರಡು ಥರ ಇರುತ್ತದೆ, ಕ್ಯಾಮೆರಾ ಕೂಡ ಬೆಳಕಿನ ಬಣ್ಣವನ್ನು ತಾನೇ ತಿದ್ದಿಬಿಡುತ್ತದೆ. ಪೇಂಟ್ ಕಂಪನಿಗಳ ಆ್ಯಪ್‌ಗಳಲ್ಲಿ ಗೋಡೆಗೆ ಬಣ್ಣ ತುಂಬಿಸಿ ನೋಡುವುದು ಒಂದು ಅಂದಾಜಿಗೆ ಸರಿ, ಎರಡು ಹತ್ತಿರದ ಶೇಡ್‌ಗಳ ನಡುವೆ ತೀರ್ಮಾನ ಮಾಡಲು ಆಗುವುದಿಲ್ಲ.

3. ಬಿಳಿ ಹಾಳೆ ಇಟ್ಟು ಒಳಗಿನ ಛಾಯೆ ಹುಡುಕಿ

ತಿಳಿಬಣ್ಣಗಳಲ್ಲಿ ಮೇಲೆ ಕಾಣುವುದು ಒಂದು, ಒಳಗೆ ಅಡಗಿರುವುದು ಇನ್ನೊಂದು. ಇದಕ್ಕೆ ಅಂಡರ್‌ಟೋನ್ ಅಂತಾರೆ, ಅಂದ್ರೆ ಬಣ್ಣದ ಒಳಛಾಯೆ. ಎರಡು 'ಆಫ್ ವೈಟ್'ಗಳಲ್ಲಿ ಒಂದಕ್ಕೆ ಗುಲಾಬಿ ಒಳಛಾಯೆ, ಇನ್ನೊಂದಕ್ಕೆ ಹಸಿರು ಇರಬಹುದು. ಸುಮ್ನೆ ನೋಡಿದರೆ ಎರಡೂ ಬಿಳಿ. ಕಾರ್ಡಿನ ತುಣುಕನ್ನು ಅಚ್ಚ ಬಿಳಿ ಹಾಳೆಯ ಮೇಲೆ ಇಡಿ, ಒಳಛಾಯೆ ಹೊರಗೆ ಬರುತ್ತದೆ. ಇನ್ನೊಂದು ಸುಲಭ ದಾರಿ ಇದೆ: ಶೇಡ್ ಕಾರ್ಡಿನಲ್ಲಿ ಆ ತುಣುಕು ಇರುವ ಪಟ್ಟಿಯ ಕೆಳತುದಿಯಲ್ಲಿರುವ ಅತಿ ಗಾಢ ಬಣ್ಣ ನೋಡಿ. ಬಹುತೇಕ ಪಟ್ಟಿಗಳಲ್ಲಿ ಮೇಲಿನ ತಿಳಿಬಣ್ಣ ಅದೇ ಗುಂಪಿನದು, ಹಾಗಾಗಿ ಗಾಢ ತುಣುಕು ಜಾತಕ ಹೇಳಿಬಿಡುತ್ತದೆ.

ಅವನು ಮೆಚ್ಚಿದ ಕೆನೆಯ ಪಟ್ಟಿಯ ಕೆಳತುದಿಯಲ್ಲಿ ಇದ್ದದ್ದು ಸಾಸಿವೆ ಹಳದಿ. "ಇದಾ ನಿಮ್ಮ ಕೆನೆ?" ಅಂದಳು. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಅಕ್ಕಪಕ್ಕದ ತುಣುಕುಗಳೂ ಕಣ್ಣಿಗೆ ಮೋಸ ಮಾಡುತ್ತವೆ. ಕೆಂಪಿನ ಪಕ್ಕ ಇಟ್ಟ ಬೂದು ಹಸಿರಾಗಿ ಕಾಣುತ್ತದೆ. ಆದ್ದರಿಂದ ನೋಡುತ್ತಿರುವ ತುಣುಕೊಂದನ್ನು ಬಿಟ್ಟು ಉಳಿದವನ್ನೆಲ್ಲ ಬಿಳಿ ಹಾಳೆಯಿಂದ ಮುಚ್ಚಿಕೊಳ್ಳಿ.

4. ಗಾಢ ಎಷ್ಟು ಅನ್ನುವುದಕ್ಕೆ ಒಂದು ಅಂಕಿ ಇದೆ

"ಇದು ತುಂಬ ಡಾರ್ಕು", "ಇಲ್ಲ, ಲೈಟೇ" ಅನ್ನುವ ವಾದವನ್ನು ಮುಗಿಸಲು ಎಲ್‌ಆರ್‌ವಿ ಅನ್ನುವ ಅಂಕಿ ಸಹಾಯ ಮಾಡುತ್ತದೆ. ಬಣ್ಣ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಎಷ್ಟು ಪಾಲನ್ನು ವಾಪಸ್ ಕೊಡುತ್ತದೆ ಅನ್ನುವ ಲೆಕ್ಕ ಅದು. 0 ಅಂದ್ರೆ ಕಡುಕಪ್ಪು, 100 ಅಂದ್ರೆ ಪರಿಪೂರ್ಣ ಬಿಳಿ. ಕೆಲವು ಕಂಪನಿಗಳು ಫ್ಯಾನ್ ಡೆಕ್‌ನಲ್ಲೋ ವೆಬ್‌ಸೈಟಿನಲ್ಲೋ ಇದನ್ನು ಕೊಡುತ್ತವೆ, ಕಾಣದಿದ್ದರೆ ಅಂಗಡಿಯಲ್ಲಿ ಕೇಳಿ. ಹಗಲಲ್ಲೂ ಲೈಟ್ ಹಾಕಬೇಕಾದ ಕೋಣೆಗೆ 60ಕ್ಕಿಂತ ಕೆಳಗೆ ಇಳಿಯದಿದ್ದರೆ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಎರಡು ಕಡೆ ಕಿಟಕಿ ಇದ್ದರೆ 45-50 ಕೂಡ ನಡೆಯುತ್ತದೆ.

ಒಂದು ಮಾತು ನೆನಪಿರಲಿ. ಎರಡಿಂಚಿನ ತುಣುಕಿನಲ್ಲಿ ಕಂಡದ್ದು ನಾಲ್ಕು ಗೋಡೆಗೆ ಬಂದಾಗ ಸಾಮಾನ್ಯವಾಗಿ ಜಾಸ್ತಿ ಗಟ್ಟಿಯಾಗಿ ಕಾಣುತ್ತದೆ. ಒಂದು ಗೋಡೆಯ ಬಣ್ಣ ಎದುರಿನ ಗೋಡೆಗೆ ಬಡಿದು, ಅಲ್ಲಿಂದ ತಿರುಗಿ ಬಂದು, ಮತ್ತಷ್ಟು ಬಣ್ಣ ಸೇರಿಸಿಕೊಳ್ಳುತ್ತದೆ. ತುಣುಕಿನಲ್ಲಿ ಇಷ್ಟವಾದದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದದ್ದನ್ನೂ ಪರೀಕ್ಷೆಗೆ ಇಟ್ಟುಕೊಳ್ಳಿ ಅನ್ನುವುದು ಇದಕ್ಕೇ.

5. ರಟ್ಟಿನ ಮೇಲೆ ಹಚ್ಚಿ, ಗೋಡೆಯ ಮೇಲೆ ಬೇಡ

ಉಳಿದ ಮೂರ್ನಾಲ್ಕು ಶೇಡ್‌ಗಳಿಗೆ ಸ್ಯಾಂಪಲ್ ತಗೊಳ್ಳಿ. ಕೆಲವು ಅಂಗಡಿಗಳಲ್ಲಿ 200 ಮಿಲಿಲೀಟರ್‌ನ ಪುಟ್ಟ ಡಬ್ಬ ಸಿಗುತ್ತದೆ. ಇಲ್ಲದಿದ್ದರೆ ಒಂದು ಲೀಟರ್ ತಗೊಳ್ಳಬೇಕಾಗಬಹುದು, ಸ್ವಲ್ಪ ದುಡ್ಡು ಹೋಗುತ್ತದೆ, ಆದರೆ ಇಡೀ ಹಾಲ್ ಮತ್ತೆ ಹೊಡೆಸುವ ಕೂಲಿಯ ಮುಂದೆ ಅದು ಏನೂ ಅಲ್ಲ. ರಟ್ಟಿಗೆ ಮೊದಲು ಒಂದು ಕೋಟ್ ಪ್ರೈಮರ್, ಅಂದ್ರೆ ಬಣ್ಣ ಹಿಡಿದುಕೊಳ್ಳಲು ಹಾಕುವ ಬಿಳಿ ತಳ. ಅದರ ಮೇಲೆ ಎರಡು ಕೋಟ್ ಬಣ್ಣ, ನಡುವೆ ನಾಲ್ಕು ಗಂಟೆ ಬಿಡುವು. ಅಂಚಿನವರೆಗೂ ಹಚ್ಚಿ. ಹಿಂದೆ ಕೋಡ್ ಬರೆಯಿರಿ, ಇಲ್ಲದಿದ್ದರೆ ನಾಳೆ ಯಾವುದು ಯಾವುದು ಅಂತ ಇನ್ನೊಂದು ವಾದ.

ನೇರವಾಗಿ ಗೋಡೆಗೆ ಹಚ್ಚಿದರೆ ಏನು ತಪ್ಪು? ಹೊಸ ಮನೆಯಲ್ಲಿ ಸುತ್ತಲೂ ಪುಟ್ಟಿ, ಪ್ರೈಮರ್‌ನ ಬೆಳ್ಳಗಿನ ಗೋಡೆ. ಅದರ ಮಧ್ಯೆ ಒಂದು ತೇಪೆ ಬಣ್ಣ ಹಚ್ಚಿದರೆ ಎಂಥ ತಿಳಿಬಣ್ಣವೂ ಕಪ್ಪಾಗಿ ಕಾಣುತ್ತದೆ. "ಅಯ್ಯೋ ಡಾರ್ಕ್ ಆಯ್ತು" ಅಂತ ಗಾಬರಿಯಾಗಿ ತೀರಾ ತಿಳಿಯಾದದ್ದಕ್ಕೆ ಹೋಗುತ್ತಾರೆ, ಪೂರ್ತಿ ಹಚ್ಚಿದ ಮೇಲೆ ಬಣ್ಣವೇ ಇಲ್ಲದ ಹಾಗೆ ಆಗುತ್ತದೆ. ರಟ್ಟಾದರೆ ಗೋಡೆಯಿಂದ ಗೋಡೆಗೆ ಒಯ್ಯಬಹುದು. ಎರಡು ರಟ್ಟಿಗೆ ಒಂದೇ ಬಣ್ಣ ಹಚ್ಚಿ ಮೂಲೆಯಲ್ಲಿ ಎದುರುಬದುರಾಗಿ ನಿಲ್ಲಿಸಿ ನೋಡಿ. ಒಂದರ ಬೆಳಕು ಇನ್ನೊಂದಕ್ಕೆ ಬಿದ್ದು ಬಣ್ಣ ಗಟ್ಟಿಯಾಗುವುದು ಕಣ್ಣಿಗೇ ಕಾಣುತ್ತದೆ.

ಹಸಿಯಾಗಿರುವಾಗ ತೀರ್ಮಾನ ಮಾಡಬೇಡಿ. ನೀರಿನಲ್ಲಿ ಬೆರೆಸುವ ಎಮಲ್ಷನ್ ಪೇಂಟ್ ಸಾಮಾನ್ಯವಾಗಿ ಒಣಗಿದ ಮೇಲೆ ಸ್ವಲ್ಪ ಗಾಢವಾಗುತ್ತದೆ. ಮಾರನೇ ದಿನ ನೋಡಿ.

6. ಒಟ್ಟಿಗೆ, ಒಂದೇ ಜಾಗದಲ್ಲಿ, ಮೂರು ಹೊತ್ತು ನೋಡಿ

ಜಗಳ ಬಗೆಹರಿಯುವುದು ಇಲ್ಲಿ, ಇದನ್ನು ಮಾತ್ರ ಅವಸರ ಮಾಡಬೇಡಿ.

ನಮ್ಮ ಜೋಡಿಯಲ್ಲಿ ಅವಳು ಫ್ಲ್ಯಾಟಿಗೆ ಹೋಗುತ್ತಿದ್ದದ್ದು ಬೆಳಿಗ್ಗೆ, ಪೂರ್ವದ ಬಾಲ್ಕನಿಯಿಂದ ಎಳೆಬಿಸಿಲು ಬರುವ ಹೊತ್ತಿಗೆ. ಆ ಬೆಚ್ಚಗಿನ ಬೆಳಕಿನಲ್ಲಿ ಬೂದುಹಸಿರು ನಿಜವಾಗಿಯೂ ಹಸಿರಾಗಿ, ಚೆಂದವಾಗಿ ಕಾಣುತ್ತಿತ್ತು. ಅವನು ಆಫೀಸಿಂದ ಬರುವಾಗ ರಾತ್ರಿ ಎಂಟರ ಮೇಲೆ ಹೋಗುತ್ತಿದ್ದ. ಬಿಲ್ಡರ್ ತೂಗುಹಾಕಿದ್ದ ಬಿಳಿಬಿಳಿ ಎಲ್‌ಇಡಿ ಬಲ್ಬಿನಲ್ಲಿ ಅದೇ ತುಣುಕಿನ ಹಸಿರು ಸತ್ತು ಬರೀ ಸಿಮೆಂಟು ಉಳಿಯುತ್ತಿತ್ತು. ಕೆನೆಯ ಕಥೆ ಉಲ್ಟಾ. ಅಂಗಡಿಯ ಬಿಳಿ ಟ್ಯೂಬಿನಲ್ಲಿ ಅದು ಹಾಲಿನ ಕೆನೆ, ಬೆಳಗಿನ ಬಿಸಿಲಿನಲ್ಲಿ ಐವರಿ ಟೈಲ್ಸ್ ಜೊತೆ ಸೇರಿ ತುಪ್ಪದ ಹಳದಿ.

ಬಲ್ಬಿನ ಬಣ್ಣವನ್ನು ಕೆಲ್ವಿನ್ ಅನ್ನುವ ಅಳತೆಯಲ್ಲಿ ಬಾಕ್ಸ್ ಮೇಲೆ ಬರೆದಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು. 3000 ಅಂದ್ರೆ ಹಳದಿ ಬೆಳಕು, 4000 ನಡುವಿನದು, 6500 ನೀಲಿ ಕಡೆಗಿನ ಬಿಳಿ. ಅಂಕಿ ಜಾಸ್ತಿಯಾದಷ್ಟೂ ಬೆಳಕು ನೀಲಿಗೆ ಹೋಗುತ್ತದೆ. ಸುಮ್ನೆ ಟ್ಯೂಬ್‌ಲೈಟ್ ಕೊಡಿ ಅಂದರೆ ಬಹಳ ಸಲ 6500ನದ್ದೇ ಕೈಗೆ ಬರುತ್ತದೆ. ಹಾಗಾಗಿ ಲೈಟನ್ನು ಮೊದಲು ತೀರ್ಮಾನ ಮಾಡಿ, ಆಮೇಲೆ ಬಣ್ಣ. ಇದನ್ನು ಹಿಂದುಮುಂದು ಮಾಡಿದರೆ ಪೇಂಟರ್ ಹೋದ ಮೇಲೆ ಎಲೆಕ್ಟ್ರಿಷಿಯನ್ ಬಂದು ನಿಮ್ಮ ಬಣ್ಣ ಬದಲಾಯಿಸಿ ಹೋಗುತ್ತಾನೆ.

ಬೆಳಿಗ್ಗೆ, ಮಧ್ಯಾಹ್ನ, ಲೈಟ್ ಹಾಕಿದ ಮೇಲೆ, ಹೀಗೆ ಮೂರು ಹೊತ್ತು ಇಬ್ಬರೂ ಒಟ್ಟಿಗೆ ರಟ್ಟುಗಳನ್ನು ನೋಡಬೇಕು. ಒಮ್ಮೆ ಕಿಟಕಿ ಇರುವ ಗೋಡೆಗೇ ಒರಗಿಸಿ. ಹಗಲಲ್ಲಿ ಅತಿ ಕಡಿಮೆ ಬೆಳಕು ಬೀಳುವುದು ಆ ಗೋಡೆಗೆ, ಯಾಕಂದ್ರೆ ಕಿಟಕಿಯ ಬೆಳಕು ಎದುರಿಗೆ ಹೋಗುತ್ತದೆ. ಇನ್ನೊಮ್ಮೆ ಕಿಟಕಿಯ ಎದುರಿನ ಗೋಡೆಗೆ. ಎರಡೂ ಕಡೆ ಸಹ್ಯವಾಗುವ ಬಣ್ಣವೇ ಉಳಿಯಬೇಕು. ಪಕ್ಕದ ಕಟ್ಟಡದ ಗೋಡೆ ಹತ್ತಿರವಿದ್ದರೆ ಅದರ ಬಣ್ಣವೂ ಕಿಟಕಿಯಿಂದ ಒಳಗೆ ಬರುತ್ತದೆ, ನೋಡಿಕೊಳ್ಳಿ.

"ಉತ್ತರದ ಕೋಣೆಗೆ ಬಿಸಿಲೇ ಬರಲ್ಲ, ಬೆಚ್ಚಗಿನ ಬಣ್ಣವೇ ಹಚ್ಚಿ" ಅನ್ನುವ ಸಲಹೆ ಎಲ್ಲ ಕಡೆ ಓದಿರುತ್ತೀರಿ. ಅದು ಚಳಿ ದೇಶಗಳ ಲೆಕ್ಕ. ನಮ್ಮ ಬೆಂಗಳೂರು-ಮೈಸೂರು ಕಡೆ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ನಿಯಮ ಓದುವುದಕ್ಕಿಂತ ರಟ್ಟು ಇಟ್ಟು ನೋಡುವುದು ಮೇಲು.

ಕೊನೆಗೆ ಇವರು ಮಾಡಿದ್ದು ಇದು. ಲೈಟ್ 4000ಕ್ಕೆ ಬದಲಾಯಿತು. ಆ ಬೆಳಕಿನಲ್ಲಿ ಹಸಿರು ರಾತ್ರಿಯೂ ಹಸಿರಾಗಿಯೇ ಉಳಿಯಿತು. ಆದರೂ "ನಾಲ್ಕೂ ಗೋಡೆಗೆ ಬೇಡ" ಅಂದ ಅವನು. ಅವಳು ಮೊದಲು ಹಿಡಿದಿದ್ದಕ್ಕಿಂತ ಒಂದು ಮೆಟ್ಟಿಲು ತಿಳಿಯಾದ ಹಸಿರನ್ನು ಬಾಲ್ಕನಿಯ ಎದುರಿನ, 11 ಅಡಿಯ ಒಂದೇ ಗೋಡೆಗೆ ಇಟ್ಟುಕೊಂಡರು. ಉಳಿದ ಗೋಡೆಗಳಿಗೆ ಹಳದಿ ಕಡಿಮೆ ಇರುವ, ತುಸು ಹಸಿರು ಒಳಛಾಯೆಯ ಬಿಳಿ. ಅವನ ಕೆನೆ ಬಣ್ಣ ಬಿಳಿ ಟೈಲ್ಸ್ ಇರುವ ಬೆಡ್‌ರೂಮಿಗೆ ಹೋಯಿತು. ಅಲ್ಲಿ ಅದು ಚೆನ್ನಾಗಿಯೇ ಇದೆ ಅಂತ ಅವಳೂ ಒಪ್ಪಿದಳು, "ಬ್ಯಾಂಕಿನ ಹಾಗಿಲ್ಲ" ಅನ್ನುವಷ್ಟರ ಮಟ್ಟಿಗೆ.

7. ಎಷ್ಟು ಬೇಕು, ಎಂಥದ್ದು ಬೇಕು

ಲೆಕ್ಕ ಕಷ್ಟವಲ್ಲ. ಇದೇ ಹಾಲ್ ತಗೊಳ್ಳಿ. ನಾಲ್ಕು ಗೋಡೆಗಳ ಒಟ್ಟು ಉದ್ದ 54 ಅಡಿ, ಎತ್ತರ 9.5 ಅಡಿ, ಗುಣಿಸಿದರೆ 513 ಚದರ ಅಡಿ. ಬಾಗಿಲು, ಬಾಲ್ಕನಿ, ಕಿಟಕಿ, ಒಳಗಿನ ದಾರಿ ಸೇರಿ ಸುಮಾರು 113 ಕಳೆದರೆ 400. ಇದರಲ್ಲಿ ಹಸಿರು ಗೋಡೆ 105, ಬಿಳಿಯದ್ದು 295. ಒಳ್ಳೆಯ ಎಮಲ್ಷನ್ ಒಂದು ಲೀಟರ್‌ಗೆ ಎರಡು ಕೋಟ್ ಲೆಕ್ಕದಲ್ಲಿ ಸುಮಾರು 60 ಚದರ ಅಡಿ ಬರುತ್ತದೆ ಅಂತ ಇಟ್ಟುಕೊಂಡರೆ ಹಸಿರು 2 ಲೀಟರ್, ಬಿಳಿ 5 ಲೀಟರ್. ಡಬ್ಬದ ಮೇಲೆ ಇದಕ್ಕಿಂತ ಜಾಸ್ತಿ ಬರೆದಿರಬಹುದು, ಅದು ನುಣುಪಾದ ಗೋಡೆಯ ಲೆಕ್ಕ. ಸೀಲಿಂಗ್ ಬೇರೆ.

ಹೊಳಪಿನ ಬಗ್ಗೆ ಒಂದೇ ಮಾತು. ಹೊಳಪು ಜಾಸ್ತಿಯಾದಷ್ಟೂ ಒರೆಸಲು ಸುಲಭ, ಆದರೆ ಪುಟ್ಟಿಯ ಏರುತಗ್ಗೆಲ್ಲ ಪಕ್ಕದಿಂದ ಬೆಳಕು ಬಿದ್ದಾಗ ಎದ್ದು ಕಾಣುತ್ತದೆ. ಹಾಲ್‌ಗೆ ಮ್ಯಾಟ್ ಅಥವಾ ತೆಳು ಹೊಳಪು, ಒಗ್ಗರಣೆ ಸಿಡಿಯುವ ಅಡುಗೆಮನೆಗೆ ಒರೆಸಬಹುದಾದ ಹೊಳಪಿನದು. ಸ್ಯಾಂಪಲ್ ಒಂದು ಹೊಳಪಿನದು, ಗೋಡೆಗೆ ಇನ್ನೊಂದು ಹೊಳಪಿನದು ಆದರೆ ಬಣ್ಣವೇ ಬೇರೆ ಅನ್ನಿಸುತ್ತದೆ, ಹಾಗೆ ಮಾಡಬೇಡಿ.

8. ತರುವಾಗ ಮತ್ತು ತಂದ ಮೇಲೆ

ಕೋಡ್ ಒಂದೇ ಸಾಕಾಗುವುದಿಲ್ಲ. ಯಾವ ಕಂಪನಿ, ಯಾವ ದರ್ಜೆಯ ಪೇಂಟ್, ಯಾವ ಬೇಸ್ ಅನ್ನುವುದನ್ನೂ ಬರೆದುಕೊಳ್ಳಿ. ಬೇಸ್ ಅಂದ್ರೆ ಅಂಗಡಿಯ ಮೆಷಿನ್‌ನಲ್ಲಿ ಬಣ್ಣ ಸೇರಿಸುವ ಮೊದಲಿನ ಮೂಲ ಪೇಂಟ್. "ಆ ಕಂಪನಿ ಶೇಡನ್ನು ಈ ಕಂಪನಿಯಲ್ಲಿ ಮಾಡ್ಕೊಡ್ತೀವಿ" ಅನ್ನುತ್ತಾರೆ, ಹತ್ತಿರ ಬರುತ್ತದೆ, ಆದರೆ ಅಂಗಡಿಯ ಬೆಳಕಿನಲ್ಲಿ ಒಂದೇ ಥರ ಇದ್ದದ್ದು ಮನೆಯ ಬೆಳಕಿನಲ್ಲಿ ಬೇರೆಯಾಗಬಹುದು. ಪೇಂಟರ್ ಬಿಳಿ ಪೇಂಟಿಗೆ ಸ್ಟೈನರ್ ಬಾಟಲಿ ಸುರಿದು ಕೈಯಲ್ಲೇ ಬಣ್ಣ ಮಾಡುತ್ತೇನೆ ಅಂದರೆ ಒಪ್ಪಬೇಡಿ. ದುಡ್ಡು ಉಳಿಯುತ್ತದೆ ನಿಜ, ಆದರೆ ಮಧ್ಯದಲ್ಲಿ ಬಣ್ಣ ಖಾಲಿಯಾದರೆ ಅದೇ ಶೇಡ್ ಮತ್ತೆ ಬರುವುದಿಲ್ಲ.

ಒಂದು ಕೋಣೆಗೆ ಬೇಕಾದಷ್ಟನ್ನು ಒಂದೇ ದಿನ ಮಾಡಿಸಿ ತನ್ನಿ. 4 ಲೀಟರ್‌ನ ಡಬ್ಬ ಒಂದು, 1 ಲೀಟರ್‌ನದ್ದು ಒಂದು ಅಂತ ಬಂದರೆ ಎರಡನ್ನೂ ದೊಡ್ಡ ಬಕೆಟ್‌ಗೆ ಸುರಿದು ಕಲಸಿಯೇ ಶುರು ಮಾಡಿಸಿ. ಡಬ್ಬದಿಂದ ಡಬ್ಬಕ್ಕೆ ಸಣ್ಣ ವ್ಯತ್ಯಾಸ ಇರುತ್ತದೆ, ಗೋಡೆಯ ಮಧ್ಯದಲ್ಲಿ ಡಬ್ಬ ಬದಲಾದರೆ ಆ ಗೆರೆ ಕಾಣುತ್ತದೆ. ನೀರು ಎಷ್ಟು ಬೆರೆಸಬೇಕು ಅಂತ ಡಬ್ಬದ ಮೇಲೆ ಇರುತ್ತದೆ, ಅಳತೆ ಮಾಡಿ ಹಾಕಲು ಹೇಳಿ. ಜಾಸ್ತಿ ನೀರಾದರೆ ಎರಡು ಕೋಟ್ ಆದಮೇಲೂ ಕೆಳಗಿನ ಬಿಳಿ ಇಣುಕುತ್ತದೆ.

ಅರ್ಧ ಲೀಟರ್ ಆದರೂ ಉಳಿಸಿ, ಸಣ್ಣ ಡಬ್ಬಕ್ಕೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ಕೋಡು, ಕೋಣೆ, ತಾರೀಖು ಬರೆದಿಡಿ. ಮೊದಲ ಕೆಲವು ತಿಂಗಳಲ್ಲಿ ಮೊಳೆ ಹೊಡೆದ ತೂತಿಗೆ ಇದನ್ನೇ ಹಚ್ಚಬಹುದು. ಒಂದೆರಡು ವರ್ಷ ಕಳೆದ ಮೇಲೆ ಗೋಡೆಯ ಬಣ್ಣ ತುಸು ಮಾಸಿರುತ್ತದೆ, ಆಗ ಅದೇ ಡಬ್ಬದ ಬಣ್ಣವೂ ತೇಪೆಯಾಗಿ ಕಾಣುತ್ತದೆ. ಆ ಗೋಡೆಯನ್ನು ಮೂಲೆಯಿಂದ ಮೂಲೆಯವರೆಗೆ ಪೂರ್ತಿ ಹೊಡೆಸಿ, ಉಳಿದ ಗೋಡೆಗಳನ್ನು ಮುಟ್ಟುವ ಅಗತ್ಯ ಇಲ್ಲ.